ಮಣಿಪಾಲದ 576104 ಬದಲು 574104 ಬಿದ್ದಿದೆ, ಫೋನ್ ನಂಬರೂ ತಪ್ಪು. ಗ್ರೈಂಡರ್ ಕಾರ್ಕಳಕ್ಕೆ ಹೊರಟಿದೆ, ಎಂತ ಮಾಡುವುದು?

ಶೈಲಾ ಈಶ್ವರನಗರ (ಸೋಮವಾರ ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಉಂಟು.

ದುಬೈಯಲ್ಲಿರುವ ನನ್ನ ತಮ್ಮ ಅಮ್ಮನಿಗೆ ಅಂತ ಕೊಯಮತ್ತೂರಿನ ಒಂದು ಅಂಗಡಿಯ ವೆಬ್‌ಸೈಟಿನಲ್ಲಿ ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್ ಆರ್ಡರ್ ಮಾಡಿದ್ದಾನೆ. ದುಡ್ಡು ಪೂರ್ತಿ ಕಟ್ಟಿ ಆಗಿದೆ. ಅಮ್ಮನ ಹೆಸರು, ಮನೆ ಹೆಸರು, ಈಶ್ವರನಗರ, ಮಣಿಪಾಲ ಎಲ್ಲ ಸರಿಯಾಗಿದೆ. ಪಿನ್‌ಕೋಡ್ ಮಾತ್ರ 576104 ಬದಲು 574104. ಅದು ಕಾರ್ಕಳದ್ದು. ಅದು ಸಾಲದು ಅಂತ ಅಮ್ಮನ ಮೊಬೈಲ್ ನಂಬರಿನ ಕೊನೆಯ ಎರಡು ಅಂಕಿ ಹಿಂದೆಮುಂದೆ ಆಗಿವೆ.

ಪಾರ್ಸೆಲ್ ಶನಿವಾರ ಹೊರಟಿದೆ. ಟ್ರ್ಯಾಕಿಂಗ್‌ನಲ್ಲಿ In Transit ಅಂತ ತೋರಿಸುತ್ತಿದೆ, ಡೆಸ್ಟಿನೇಷನ್ ಜಾಗದಲ್ಲಿ ಕಾರ್ಕಳ. ಕೊರಿಯರ್‌ನವರ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ರಿಜಿಸ್ಟರ್ಡ್ ಮೊಬೈಲಿನಿಂದ ಕರೆ ಮಾಡಿ" ಅನ್ನುತ್ತಾರೆ. ರಿಜಿಸ್ಟರ್ಡ್ ಮೊಬೈಲ್ ಯಾರದೋ ಗುರುತಿಲ್ಲದವರದ್ದು! ಇದನ್ನು ಉಳಿಸಿಕೊಳ್ಳಲು ದಾರಿ ಉಂಟಾ?

ಸುರತ್ಕಲ್ ಹಾಸ್ಟೆಲ್ ಹುಡುಗ

ಅಕ್ಕಾ, ಸುಮ್ನೆ ಯಾಕೆ ತಲೆಬಿಸಿ? ಕ್ಯಾನ್ಸಲ್ ಮಾಡಿ ಇನ್ನೊಂದು ಆರ್ಡರ್ ಮಾಡಿಬಿಡಿ. ನಾನು ಯಾವಾಗಲೂ ಹಾಗೇ ಮಾಡುವುದು.

ಶೈಲಾ ಈಶ್ವರನಗರ

ಕ್ಯಾನ್ಸಲ್ ಬಟನ್ ಈಗ ಕಾಣುವುದೇ ಇಲ್ಲಪ್ಪ. ಪಾರ್ಸೆಲ್ ಹೊರಟ ಮೇಲೆ ಅದು ಮಾಯ. ಇನ್ನೊಂದು ತರಿಸಿದರೆ ಎರಡು ಗ್ರೈಂಡರ್ ಇಟ್ಟುಕೊಂಡು ನಾವು ಎಂತ ಹೋಟೆಲ್ ಹಾಕುವುದಾ?

ಕುಂಜಿಬೆಟ್ಟು ರಾವ್

ಹೆದರಬೇಡಿ ಅಮ್ಮ. ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಟಪಾಲು ನೋಡಿದವನು. ಪಿನ್‌ಕೋಡ್ ತಪ್ಪಿದರೂ ಊರಿನ ಹೆಸರು ಸರಿ ಇದ್ದರೆ ಕಾಗದ ಬಂದೇ ಬರುತ್ತದೆ. ನಮ್ಮ ದೇಶಕ್ಕೆ ಪಿನ್ ಬಂದದ್ದೇ 1972ರ ಆಗಸ್ಟ್ 15ಕ್ಕೆ. ಅದಕ್ಕೂ ಮೊದಲು ಕಾಗದ ಮುಟ್ಟುತ್ತಿರಲಿಲ್ವಾ? ಮೊದಲ ಅಂಕಿ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. ಮೊದಲ ಮೂರು ಅಂಕಿ ಸೇರಿದರೆ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಅಂಚೆ ಕಚೇರಿ. ಕಾರ್ಕಳದವರು "ಮಣಿಪಾಲ" ಅಂತ ಓದಿದ ಕೂಡಲೇ ಆ ಕಡೆ ಕಳಿಸುತ್ತಾರೆ. ಎರಡು ದಿನ ತಡ ಆಗಬಹುದು, ಅಷ್ಟೇ.

ಬೈಕಂಪಾಡಿ ಪೈ

ರಾಯರು ಹೇಳಿದ್ದು ಅಂಚೆಯ ಮಟ್ಟಿಗೆ ಸರಿ. ಸ್ಪೀಡ್ ಪೋಸ್ಟ್ ಆಗಿದ್ದರೆ ನಾನೂ ಶೈಲಕ್ಕನಿಗೆ ಸುಮ್ನೆ ಕಾಯಿರಿ ಅನ್ನುತ್ತಿದ್ದೆ. ಅಂಚೆಯಲ್ಲಿ ತಪ್ಪು ಆಫೀಸಿಗೆ ಹೋದದ್ದನ್ನು ಅಲ್ಲಿಯವರು ವಿಳಾಸ ಓದಿ ಸರಿಯಾದ ಆಫೀಸಿಗೆ ತಿರುಗಿಸುವ ಪದ್ಧತಿ ಹಿಂದಿನಿಂದಲೂ ಉಂಟು.

ಖಾಸಗಿ ಕೊರಿಯರ್ ಹಾಗಲ್ಲ ಮಾರಾಯ್ರೆ. ನಾನು ಮಂಗಳೂರಿನ ಒಂದು ಹಬ್‌ನಲ್ಲಿ ತುಂಬಾ ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ವಿಳಾಸವನ್ನು ಯಾರೂ ಓದುವುದಿಲ್ಲ. ಪೆಟ್ಟಿಗೆ ಬರುತ್ತದೆ, ಬಾರ್‌ಕೋಡ್ ಸ್ಕ್ಯಾನ್ ಆಗುತ್ತದೆ, ಸ್ಕ್ರೀನ್ ಮೇಲೆ ಯಾವ ಬ್ರಾಂಚ್ ಅಂತ ಬರುತ್ತದೆ, ಆ ಬ್ರಾಂಚಿನ ಚೀಲಕ್ಕೋ ಟ್ರಾಲಿಗೋ ಎಸೆಯುತ್ತಾರೆ. ಆ ಬ್ರಾಂಚ್ ಯಾವುದು ಅಂತ ತೀರ್ಮಾನ ಆಗಿರುವುದು ಕೊಯಮತ್ತೂರಿನಲ್ಲಿ ಲೇಬಲ್ ಪ್ರಿಂಟ್ ಆದ ಹೊತ್ತಿಗೇ. ಆರ್ಡರಿನ ಪಿನ್‌ಕೋಡ್ ನೋಡಿ ಕಂಪ್ಯೂಟರ್ ಒಂದು ಬ್ರಾಂಚ್ ಕೋಡ್ ಕೊಡುತ್ತದೆ. ಅದು ಲೇಬಲ್ ಮೇಲೆ ದಪ್ಪ ಅಕ್ಷರದಲ್ಲಿ ಇರುತ್ತದೆ. ಮನೆ ಹೆಸರು, ಬೀದಿ, ಊರು ಎಲ್ಲ ಅದರ ಕೆಳಗೆ ಇರುವೆ ಸಾಲಿನ ಹಾಗೆ. ಅದನ್ನು ಮೊದಲ ಸಲ ಓದುವವನು ಕೊನೆಯ ಬ್ರಾಂಚಿನ ಡೆಲಿವರಿ ಹುಡುಗ.

ಹಾಗಾಗಿ ನಿಮ್ಮ ಗ್ರೈಂಡರ್ ಕಾರ್ಕಳಕ್ಕೆ ಹೋಗಿಯೇ ಹೋಗುತ್ತದೆ. ಮಂಗಳೂರಲ್ಲಿ ತಡೆದು ಉಡುಪಿ ಕಡೆ ತಿರುಗಿಸಿ ಅಂತ ಯಾರ ಹತ್ತಿರ ಬೇಡಿಕೊಂಡರೂ ಪ್ರಯೋಜನ ಇಲ್ಲ. ಅದರ ಹಿಂದೆ ಬಿದ್ದು ಎರಡು ದಿನ ಹಾಳು ಮಾಡಬೇಡಿ.

ಈಗ ಮಾಡಬೇಕಾದ್ದು ಒಂದೇ. ಪಿನ್‌ಕೋಡ್ ಬಿಡಿ, ಮೊದಲು ಫೋನ್ ನಂಬರ್ ಸರಿ ಮಾಡಿಸಿ.

ಶೈಲಾ ಈಶ್ವರನಗರ

ಪೈಗಳೇ, ಪಾರ್ಸೆಲ್ ಹೋಗುತ್ತಿರುವುದೇ ತಪ್ಪು ಊರಿಗೆ. ಫೋನ್ ನಂಬರ್ ಸರಿ ಮಾಡಿ ಎಂತ ಪ್ರಯೋಜನ?

ಬೈಕಂಪಾಡಿ ಪೈ

ಪಿನ್‌ಕೋಡ್ ಲೇಬಲ್ ಮೇಲೆ ಅಚ್ಚಾಗಿ ಹೋಗಿದೆ. ಫೋನ್ ನಂಬರ್ ಹಾಗಲ್ಲ, ಡೆಲಿವರಿ ಹುಡುಗನ ಮೊಬೈಲಿಗೆ ಅದು ಸಿಸ್ಟಮ್‌ನಿಂದ ಬರುತ್ತದೆ. ಅಂಗಡಿಯವರು ತಮ್ಮ ಕಡೆಯಿಂದ ಬದಲಾಯಿಸಿದರೆ ಮುಂದಿನ ಸಲ ಅವನು ಲಿಸ್ಟ್ ತೆಗೆದಾಗ ಹೊಸ ನಂಬರ್ ಕಾಣುತ್ತದೆ. ಓಟಿಪಿ ಹೋಗುವುದೂ ಅದೇ ನಂಬರಿಗೆ.

ಪಿನ್ ತಪ್ಪಾಗಿ ನಂಬರ್ ಸರಿ ಇದ್ದಿದ್ದರೆ ಕಾರ್ಕಳದ ಹುಡುಗ ಅಮ್ಮನಿಗೆ ಕರೆ ಮಾಡುತ್ತಿದ್ದ, "ಅಮ್ಮ, ನಿಮ್ಮ ಮನೆ ಎಲ್ಲಿ ಬರುತ್ತದೆ" ಅಂತ ಕೇಳುತ್ತಿದ್ದ, ವಿಷಯ ಅಲ್ಲಿಗೇ ಗೊತ್ತಾಗುತ್ತಿತ್ತು. ಈಗ ಎರಡೂ ತಪ್ಪಿರುವ ಕಾರಣ ಅವನ ಕೈಯಲ್ಲಿ ಏನೂ ಇಲ್ಲ. ಸಾಮಾನ್ಯವಾಗಿ ಎರಡೋ ಮೂರೋ ಸಲ ಪ್ರಯತ್ನ ಆಗುತ್ತದೆ, ಆಮೇಲೆ ಪೆಟ್ಟಿಗೆ ವಾಪಸ್ ಕೊಯಮತ್ತೂರಿಗೆ.

ಇನ್ನೊಂದು ಮಾತು. ಕೊರಿಯರ್‌ನವರ ಲೆಕ್ಕದಲ್ಲಿ ಗಿರಾಕಿ ನೀವಲ್ಲ, ಕಳಿಸಿದ ಅಂಗಡಿಯವರು. ಕಸ್ಟಮರ್ ಕೇರ್‌ನವರು ನಿಮ್ಮ ಮಾತಿಗೆ ವಿಳಾಸ, ನಂಬರ್ ಬದಲಾಯಿಸುವುದಿಲ್ಲ. ಬದಲಾಯಿಸಲೂ ಬಾರದು, ಯಾರು ಬೇಕಾದರೂ ಯಾರದ್ದೋ ಪಾರ್ಸೆಲ್ ಎತ್ತಿಕೊಂಡು ಹೋಗಬಹುದಲ್ವಾ? ನಿಮ್ಮ ತಮ್ಮ ಆರ್ಡರ್ ಮಾಡಿದ ಅದೇ ಇಮೇಲ್‌ನಿಂದ ಅಂಗಡಿಗೆ ಬರೆಯಬೇಕು. ಬೇರೆ ಇಮೇಲ್‌ನಿಂದ ನೀವು ಬರೆದರೆ ಅವರಿಗೂ ಅನುಮಾನ ಬರುತ್ತದೆ.

ಪಡುಬಿದ್ರಿ ಉಪ್ಪಿನಕಾಯಿ

ಪೈಗಳು ಹೇಳಿದ್ದಕ್ಕೆ ಮಾರುವವರ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಾನು ಮನೆಯಿಂದಲೇ ಮಾವಿನ ಮಿಡಿ, ಹಪ್ಪಳ ಕಳಿಸುತ್ತೇನೆ. ಡೆಲಿವರಿ ಆಗದ ಪಾರ್ಸೆಲ್‌ಗಳು ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ NDR ಅನ್ನುವ ಪೇಜಿಗೆ ಬಂದು ಬೀಳುತ್ತವೆ. ಪ್ರತಿಯೊಂದರ ಎದುರಿಗೂ ಯಾಕೆ ಡೆಲಿವರಿ ಆಗಲಿಲ್ಲ ಅಂತ ಇರುತ್ತದೆ. ನಾವು ಅಲ್ಲಿ ಮತ್ತೆ ಪ್ರಯತ್ನಿಸಿ ಅನ್ನಬಹುದು, ಫೋನ್ ನಂಬರ್ ಬದಲಾಯಿಸಬಹುದು, ವಿಳಾಸಕ್ಕೆ ಗುರುತು ಸೇರಿಸಬಹುದು, ಇಲ್ಲದಿದ್ದರೆ ವಾಪಸ್ ತರಿಸಬಹುದು. ನಾನು ಬಳಸುವ ಕಡೆ ಪಿನ್‌ಕೋಡ್‌ನ ಬಾಕ್ಸ್ ಮಾತ್ರ ಬೂದು ಬಣ್ಣದಲ್ಲಿ ಇರುತ್ತದೆ. ಎಷ್ಟು ಒತ್ತಿದರೂ ತೆರೆಯುವುದಿಲ್ಲ.

ಸಮಯ ಮುಖ್ಯ. ಮೊದಲ ಪ್ರಯತ್ನ ಫೇಲ್ ಆದ ಮೇಲೆ ನಮಗೆ ಉತ್ತರ ಕೊಡಲು ಸಿಗುವುದು ಒಂದು ದಿನ, ಜಾಸ್ತಿ ಅಂದರೆ ಎರಡು. ನಾವು ನೋಡದೆ ಬಿಟ್ಟರೆ ಅದಾಗಿಯೇ ವಾಪಸ್ ಬರಲು ಶುರು. ಅದಕ್ಕೇ ಪೆಟ್ಟಿಗೆ ಕಾರ್ಕಳ ಮುಟ್ಟುವ ಮೊದಲೇ ಅಂಗಡಿಯವರಿಗೆ ಹೇಳಿ ಇಡಿ.

ಅವರು ಸಹಾಯ ಮಾಡುತ್ತಾರಾ ಅಂತ ನಿಮಗೆ ಅನುಮಾನ ಇರಬಹುದು. ಮಾಡಿಯೇ ಮಾಡುತ್ತಾರೆ, ದಯೆಯಿಂದ ಅಲ್ಲ. ಗ್ರೈಂಡರ್ ಅಂದರೆ ಕಲ್ಲು ಸೇರಿ ಹತ್ತು ಕೆಜಿ ಮೇಲೆ. ಹೋಗುವ ಖರ್ಚೂ ಅವರದ್ದೇ, ವಾಪಸ್ ಬರುವ ಖರ್ಚೂ ಅವರ ತಲೆಗೇ. ಅರ್ಧ ಕೆಜಿ ಉಪ್ಪಿನಕಾಯಿ ವಾಪಸ್ ಬಂದರೇ ನನ್ನ ಲಾಭ ಹೋಗುತ್ತದೆ, ಇನ್ನು ಗ್ರೈಂಡರ್! ದಾರಿಯಲ್ಲಿ ಕಲ್ಲು ಒಡೆದರೆ ಅದು ಬೇರೆ.

ಸುರತ್ಕಲ್ ಹಾಸ್ಟೆಲ್ ಹುಡುಗ

ಹಾಗಾದರೆ ನನ್ನದೂ ಹೇಳಿ. ನಾನು ಎನ್‌ಐಟಿಕೆ ಹಾಸ್ಟೆಲ್‌ನಲ್ಲಿರುವುದು, ಪಿನ್ 575025. ಶೂ ಆರ್ಡರ್ ಮಾಡುವಾಗ ಸುರತ್ಕಲ್‌ನ 575014 ಹಾಕಿದ್ದೇನೆ. ಕ್ಯಾಶ್ ಆನ್ ಡೆಲಿವರಿ. ಅದೂ ಹೋಯ್ತಾ?

ಬೈಕಂಪಾಡಿ ಪೈ

ಇಲ್ಲಪ್ಪ, ನಿನ್ನದು ಬರುತ್ತದೆ. ಪಕ್ಕಪಕ್ಕದ ಪಿನ್‌ಗಳನ್ನು ಹೆಚ್ಚಾಗಿ ಒಂದೇ ಬ್ರಾಂಚ್ ನೋಡಿಕೊಳ್ಳುತ್ತದೆ. ಪೆಟ್ಟಿಗೆ ಅದೇ ರ‍್ಯಾಕಿಗೆ ಬರುತ್ತದೆ, ಹುಡುಗ ವಿಳಾಸ ಓದಿ ಹಾಸ್ಟೆಲ್ ಗೇಟಿಗೆ ತರುತ್ತಾನೆ. ಪಿನ್ ತಪ್ಪಿದ್ದು ಅವನಿಗೆ ಗೊತ್ತೂ ಆಗುವುದಿಲ್ಲ.

ಕುಂಜಿಬೆಟ್ಟು ರಾವ್

ನಾನು ಹೇಳಿದ್ದೂ ಅದೇ ಅಲ್ವಾ? ಕೊನೆಯ ಮೂರು ಅಂಕಿ ತಪ್ಪಿದರೆ ಸಣ್ಣ ತಪ್ಪು, ಮೊದಲ ಮೂರು ತಪ್ಪಿದರೆ ದೊಡ್ಡ ತಪ್ಪು.

ಬೈಕಂಪಾಡಿ ಪೈ

ಬಹಳ ಸಲ ಹಾಗೇ ರಾಯರೇ, ಆದರೆ ಅದನ್ನೇ ನಂಬಿ ಕೂರುವ ಹಾಗಿಲ್ಲ. ಕಾಪುವಿನ ಪಿನ್ 574106. ಕಾರ್ಕಳದ 574104ಕ್ಕೂ ಅದಕ್ಕೂ ಕೊನೆಯ ಒಂದು ಅಂಕಿ ಮಾತ್ರ ವ್ಯತ್ಯಾಸ, ಆದರೆ ಒಂದು ಸಮುದ್ರದ ಪಕ್ಕ, ಇನ್ನೊಂದು ಘಟ್ಟದ ಕಡೆ. ಕೊರಿಯರ್ ಬ್ರಾಂಚ್ ಅಂಚೆಯವರ ಗಡಿ ನೋಡಿ ಕೂತಿರುವುದಿಲ್ಲ, ಟೆಂಪೋ ಓಡುವ ರೂಟ್ ನೋಡಿ ಕೂತಿರುತ್ತದೆ. ನೀವು ಹಾಕಿದ ಪಿನ್ ಮತ್ತು ನಿಮ್ಮ ನಿಜವಾದ ಪಿನ್ ಎರಡೂ ಒಂದೇ ಬ್ರಾಂಚಿಗೆ ಬರುತ್ತವಾ ಅನ್ನುವುದೊಂದೇ ಪ್ರಶ್ನೆ. ಟ್ರ್ಯಾಕಿಂಗ್‌ನಲ್ಲಿ ಕೊನೆಯ ಬ್ರಾಂಚಿನ ಹೆಸರು ನೋಡಿದರೆ ಗೊತ್ತಾಗುತ್ತದೆ.

ಸಂತೆಕಟ್ಟೆ ಮೇಷ್ಟ್ರು

ಒಂದು ಎಚ್ಚರಿಕೆ, ಇದೇ ಹೊತ್ತಿನಲ್ಲಿ ಬೇಕಾದ್ದು. "ನಿಮ್ಮ ಪಾರ್ಸೆಲ್ ವಿಳಾಸ ತಪ್ಪಾಗಿದೆ, ಈ ಲಿಂಕ್ ಒತ್ತಿ ಸರಿಮಾಡಿ" ಅಂತ ಮೆಸೇಜ್ ಬರುತ್ತವೆ. ಅಂಚೆ ಇಲಾಖೆಯ ಹೆಸರಲ್ಲೂ ಬಂದಿವೆ. ಲಿಂಕ್ ಒತ್ತಿದರೆ ಚಿಲ್ಲರೆ ದುಡ್ಡು ಕಟ್ಟಿ ಅನ್ನುತ್ತಾರೆ, ಕಾರ್ಡ್ ನಂಬರ್ ಕೇಳುತ್ತಾರೆ, ಆಮೇಲೆ ಅಕೌಂಟ್ ಖಾಲಿ. ಬೇರೆ ದಿನ ಆದರೆ ಯಾರೂ ನಂಬುವುದಿಲ್ಲ. ಆದರೆ ನಿಜವಾಗಿಯೂ ವಿಳಾಸ ತಪ್ಪು ಹಾಕಿ ಕಾಯುತ್ತಿರುವವರು ಖಂಡಿತ ಒತ್ತುತ್ತಾರೆ. ಶೈಲಮ್ಮ, ನಿಮ್ಮ ತಾಯಿಗೂ ಹೇಳಿ ಇಡಿ. ದುಡ್ಡು ಹೋಗಿಯೇ ಬಿಟ್ಟರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು.

ಶೈಲಾ ಈಶ್ವರನಗರ (ಸೋಮವಾರ ರಾತ್ರಿ)

ತಮ್ಮ ಮೇಲ್ ಕಳಿಸಿದ. ಪೈಗಳು ಹೇಳಿದ ಹಾಗೆ ಆರ್ಡರ್ ಮಾಡಿದ ಇಮೇಲ್‌ನಿಂದಲೇ. ಆರ್ಡರ್ ನಂಬರ್, ಟ್ರ್ಯಾಕಿಂಗ್ ನಂಬರ್ ಎರಡನ್ನೂ ಸಬ್ಜೆಕ್ಟ್‌ನಲ್ಲೇ ಹಾಕಿದ್ದಾನೆ. ಒಳಗೆ ನಾಲ್ಕೇ ಸಾಲು: ತಪ್ಪು ನಂಬರ್ ಇದು, ಸರಿ ನಂಬರ್ ಇದು, ಪಿನ್ ಮಣಿಪಾಲದ್ದು ಆಗಬೇಕಿತ್ತು, ದಯವಿಟ್ಟು ವಾಪಸ್ ತರಿಸಬೇಡಿ. ಸಂಜೆಯೇ ಉತ್ತರ ಬಂತು. ನಂಬರ್ ಬದಲಾಯಿಸಿದ್ದಾರಂತೆ. ಪಿನ್ ಬದಲಾಯಿಸಲು ಆಗುವುದಿಲ್ಲ, ಬ್ರಾಂಚಿನಿಂದ ತೆಗೆದುಕೊಂಡರೆ ಒಳ್ಳೆಯದು ಅಂದಿದ್ದಾರೆ.

ಒಂದು ಯೋಚನೆ. ಆ ತಪ್ಪು ನಂಬರಿಗೆ ನಾವೇ ಕರೆ ಮಾಡಿ, "ಓಟಿಪಿ ಬಂದರೆ ನಮಗೆ ಹೇಳಿ" ಅನ್ನಬಹುದಾ?

ಬೈಕಂಪಾಡಿ ಪೈ

ಬೇಡವೇ ಬೇಡ. ಗುರುತು ಪರಿಚಯ ಇಲ್ಲದವರು ಕರೆ ಮಾಡಿ ಓಟಿಪಿ ಕೇಳಿದರೆ ನೀವು ಕೊಡುತ್ತೀರಾ? ಕೊಡಬಾರದು ಅಂತಲೇ ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದಾರೆ. ಅವರು ನಿಮ್ಮನ್ನೇ ಕಳ್ಳರು ಅಂದುಕೊಳ್ಳುತ್ತಾರೆ. ನಂಬರ್ ಬದಲಾದ ಮೇಲೆ ಅದರ ಅಗತ್ಯವೂ ಇಲ್ಲ.

ಪಡುಬಿದ್ರಿ ಉಪ್ಪಿನಕಾಯಿ

ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ನನ್ನ ಗಿರಾಕಿಯೊಬ್ಬರ ತಪ್ಪು ನಂಬರಿಗೆ ನಾನೇ ಕರೆ ಮಾಡಿದ್ದೆ. ಓಟಿಪಿ ಕೇಳಲಿಲ್ಲ. "ಕೊರಿಯರ್‌ನವರು ಕರೆ ಮಾಡಿದರೆ ಬೇಡ ಅನ್ನಬೇಡಿ, ನಂಬರ್ ತಪ್ಪು ಅಂತ ಮಾತ್ರ ಹೇಳಿ" ಅಂದೆ. ದಾವಣಗೆರೆ ಕಡೆಯ ಯಜಮಾನರು, ಪಾಪ, ಹಾಗೇ ಹೇಳಿದರು. ಅಷ್ಟರಿಂದಲೇ ಪಾರ್ಸೆಲ್ ಉಳಿಯಿತು. ಹುಡುಗ ಕರೆ ಮಾಡಿದಾಗ ಆ ಕಡೆಯವರು "ನಾನು ಏನೂ ತರಿಸಿಲ್ಲ, ಬೇಡ" ಅಂದರೆ ಗಿರಾಕಿಯೇ ಬೇಡ ಅಂದರು ಅಂತ ದಾಖಲಾಗುತ್ತದೆ. ಹಾಗಾದರೆ ಎರಡನೇ ಪ್ರಯತ್ನವೇ ಇಲ್ಲ, ಸೀದಾ ವಾಪಸ್.

ಬೈಕಂಪಾಡಿ ಪೈ

ಅದನ್ನು ಒಪ್ಪುತ್ತೇನೆ. ಆದರೆ ಅಂಗಡಿಯವರು ಕರೆ ಮಾಡುವುದು ಬೇರೆ, ಬೇರೆಯವರು ಮಾಡುವುದು ಬೇರೆ.

ಕಾರ್ಕಳ ರೂಟ್

ನಾನು ಕಾರ್ಕಳದಲ್ಲಿ ಡೆಲಿವರಿ ಮಾಡುವವನು. ಅಕ್ಕನ ಕೊರಿಯರ್ ಬೇರೆ ಇರಬಹುದು, ಆದರೆ ನಡೆಯುವುದು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ.

ಬೆಳಿಗ್ಗೆ ಗಾಡಿ ಬರುತ್ತದೆ. ಇಳಿಸಿ, ಸ್ಕ್ಯಾನ್ ಮಾಡಿ, ಏರಿಯಾ ಪ್ರಕಾರ ಹಂಚಿಕೊಳ್ಳುತ್ತೇವೆ. ಆಗ "ಮಣಿಪಾಲ" ಅಂತ ಕಂಡರೆ ಯಾರಾದರೂ ಕೂಗಿ ಹೇಳುತ್ತಾರೆ, ಪೆಟ್ಟಿಗೆ ಬದಿಗೆ ಇಡುತ್ತೇವೆ. ನೋಡದಿದ್ದರೆ ಯಾರದೋ ಲಿಸ್ಟಿಗೆ ಹೋಗುತ್ತದೆ. ಅವನು ಕರೆ ಮಾಡುತ್ತಾನೆ, ನಂಬರ್ ತಪ್ಪು, ಸಂಜೆ ವಾಪಸ್ ತಂದು ಇಡುತ್ತಾನೆ. ಟ್ರ್ಯಾಕಿಂಗ್‌ನಲ್ಲಿ Consignee not available ಅಂತಲೋ Address incorrect ಅಂತಲೋ ಬರುತ್ತದೆ.

ನೀವೇ ಮಣಿಪಾಲಕ್ಕೆ ಕಳಿಸಬಹುದಲ್ಲ ಅಂತ ತುಂಬ ಜನ ಕೇಳುತ್ತಾರೆ. ಹಬ್‌ನವರ ತಪ್ಪಿನಿಂದ ಬೇರೆ ಊರಿನ ಪೆಟ್ಟಿಗೆ ಬಂದರೆ ನಾವು ಮಿಸ್‌ರೂಟ್ ಅಂತ ಹಾಕಿ ರಾತ್ರಿಯ ಗಾಡಿಗೆ ಏರಿಸುತ್ತೇವೆ. ಆದರೆ ಇಲ್ಲಿ ಲೇಬಲ್ ಮೇಲೇ 574104 ಉಂಟು. ಸಿಸ್ಟಮ್ ಪ್ರಕಾರ ಪೆಟ್ಟಿಗೆ ಸರಿಯಾದ ಜಾಗಕ್ಕೇ ಬಂದಿದೆ. ಮಿಸ್‌ರೂಟ್ ಒತ್ತಿದರೆ ನಮ್ಮಲ್ಲಿ ತೆಗೆದುಕೊಳ್ಳುವುದಿಲ್ಲ. ಹಬ್‌ಗೆ ಹೋದರೂ ಅಲ್ಲಿ ಸ್ಕ್ಯಾನ್ ಆದ ಕೂಡಲೇ ಪುನಃ ಕಾರ್ಕಳ ಅಂತಲೇ ಬರುತ್ತದೆ. ಹಾಗೆ ಹೋಗಿ ಬಂದು ಮಾಡಿದ ಪೆಟ್ಟಿಗೆ ನಾನು ನೋಡಿದ್ದೇನೆ.

ಬ್ರಾಂಚಿಗೆ ಬಂದು ತೆಗೆದುಕೊಳ್ಳುವುದೇ ಸುಲಭ. ಆದರೆ ಮಧ್ಯಾಹ್ನ ಬರಬೇಡಿ. ಆಗ ಬ್ರಾಂಚಿನಲ್ಲಿ ಒಬ್ಬರೇ ಇರುತ್ತಾರೆ, ಪೆಟ್ಟಿಗೆ ಗಾಡಿಯಲ್ಲಿ ಎಲ್ಲೋ ಬಜಗೋಳಿ ಕಡೆ ಸುತ್ತುತ್ತಿರುತ್ತದೆ. ಬೆಳಿಗ್ಗೆ ಹೊರಡುವ ಮೊದಲು ಬನ್ನಿ, ಇಲ್ಲದಿದ್ದರೆ ಸಂಜೆ ಎಲ್ಲರೂ ವಾಪಸ್ ಬಂದ ಮೇಲೆ ಬನ್ನಿ. ಹಿಂದಿನ ದಿನವೇ ಫೋನ್ ಮಾಡಿ "ಗಾಡಿಗೆ ಹಾಕಬೇಡಿ, ನಾವೇ ಬರುತ್ತೇವೆ" ಅಂದರೆ ಇನ್ನೂ ಒಳ್ಳೆಯದು.

ಶೈಲಾ ಈಶ್ವರನಗರ

ತುಂಬಾ ಉಪಕಾರ ಆಯ್ತು ಅಣ್ಣ. ಅಮ್ಮನಿಗೆ ಬಸ್ಸಿನಲ್ಲಿ ಅಷ್ಟು ದೂರ ಹೋಗಿ ಬರಲು ಆಗುವುದಿಲ್ಲ. ನನ್ನ ಗಂಡನ ಅಕ್ಕನ ಮನೆ ಕಾರ್ಕಳದಲ್ಲೇ. ಅಲ್ಲಿಯ ಭಾವ ಹೋದರೆ ಕೊಡುತ್ತಾರಾ? ಪೆಟ್ಟಿಗೆ ಮೇಲೆ ಅಮ್ಮನ ಹೆಸರು.

ಕಾರ್ಕಳ ರೂಟ್

ಅದು ಬ್ರಾಂಚ್ ಮ್ಯಾನೇಜರ್ ಮೇಲೆ. ಅಮ್ಮನ ಆಧಾರ್ ಫೋಟೊ, ಭಾವನವರ ಸ್ವಂತ ಗುರುತಿನ ಚೀಟಿ, ಆರ್ಡರ್ ಮೇಲ್‌ನ ಸ್ಕ್ರೀನ್‌ಶಾಟ್ ಇರಲಿ. ನಿಜ ಹೇಳಬೇಕಾದರೆ ಓಟಿಪಿ ಸರಿಯಾದ ಫೋನಿಗೆ ಬಂದರೆ ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ.

ಬೈಕಂಪಾಡಿ ಪೈ

ಆಧಾರ್ ಕಳಿಸುವುದಾದರೆ ನಂಬರಿನ ಮೊದಲ ಎಂಟು ಅಂಕಿ ಮುಚ್ಚಿರುವ ಮಾಸ್ಕ್ಡ್ ಆಧಾರ್ ಕಳಿಸಿ. ಹೆಸರು, ಫೋಟೊ ಕಂಡರೆ ಸಾಕು. ಮತ್ತೆ, ಪೆಟ್ಟಿಗೆ ಭಾವನವರ ಎದುರಿಗೆ ಬಂದ ಮೇಲೆಯೇ ಅಮ್ಮ ಓಟಿಪಿ ಹೇಳಲಿ. ಓಟಿಪಿ ಹೋಯ್ತು ಅಂದರೆ ಡೆಲಿವರಿ ಆದ ಲೆಕ್ಕ. ಹೊರಗಿನ ಡಬ್ಬ ನುಜ್ಜುಗುಜ್ಜಾಗಿದ್ದರೆ ಅದಕ್ಕೂ ಮೊದಲೇ ಫೋಟೊ ತೆಗೆದುಕೊಳ್ಳಲಿ.

ಶೈಲಾ ಈಶ್ವರನಗರ (ಬುಧವಾರ)

ಬೆಳಿಗ್ಗೆ ಕಾರ್ಕಳ ಬ್ರಾಂಚಿನಿಂದ ಅಮ್ಮನಿಗೆ ಕರೆ ಬಂದಿದೆ. ಅಂದರೆ ನಂಬರ್ ಬದಲಾದದ್ದು ಕೆಲಸ ಮಾಡಿದೆ. ಆದರೆ ಅಮ್ಮ ಎತ್ತಲಿಲ್ಲ! ಗೊತ್ತಿಲ್ಲದ ನಂಬರ್ ಎತ್ತಬೇಡ ಅಂತ ವರ್ಷಗಟ್ಟಲೆ ಪಾಠ ಮಾಡಿದವರು ನಾವೇ. ಈಗ ಟ್ರ್ಯಾಕಿಂಗ್‌ನಲ್ಲಿ Consignee not available.

ಪಡುಬಿದ್ರಿ ಉಪ್ಪಿನಕಾಯಿ

ಇದು ನನಗೆ ದಿನಾ ಇರುವ ಕಥೆ. ಅಂಗಡಿಗೆ ಕೂಡಲೇ ಇನ್ನೊಂದು ಮೇಲ್ ಹಾಕಿಸಿ. "ಮರುಪ್ರಯತ್ನ ಬೇಡ, ಬ್ರಾಂಚಿನಲ್ಲೇ ಇಡಿ, ನಾವೇ ತೆಗೆದುಕೊಳ್ಳುತ್ತೇವೆ" ಅಂತ ಸ್ಪಷ್ಟ ಬರೆಯಲಿ. ಅವರು NDR ಪೇಜಿನಲ್ಲಿ ಅದನ್ನೇ ಹಾಕುತ್ತಾರೆ. ಇವತ್ತೇ ಆಗಬೇಕು. ಟ್ರ್ಯಾಕಿಂಗ್‌ನಲ್ಲಿ RTO Initiated, ಅಂದರೆ ಕಳಿಸಿದವರಿಗೆ ವಾಪಸ್ ಶುರು, ಅಂತ ಬಂದರೆ ಕಷ್ಟ.

ಸುರತ್ಕಲ್ ಹಾಸ್ಟೆಲ್ ಹುಡುಗ

ಹಾಗೆ ಬಂದರೆ ಮುಗಿಯಿತಾ? ಕೇಳಿದ್ದು ಯಾಕೆಂದರೆ ನನ್ನ ಶೂ ಈಗ ಹಾಗೇ ತೋರಿಸುತ್ತಿದೆ. ಪಿನ್‌ನಿಂದ ತೊಂದರೆ ಆಗಲಿಲ್ಲ. ಆ್ಯಪ್‌ನಲ್ಲಿ ಹಳೆಯ ಸಿಮ್ ನಂಬರ್ ಇತ್ತು, ಅದು ಈಗ ಯಾರ ಹತ್ತಿರವೋ.

ಬೈಕಂಪಾಡಿ ಪೈ

ಪೆಟ್ಟಿಗೆ ಇನ್ನೂ ಬ್ರಾಂಚಿನಲ್ಲೇ ಇದ್ದರೆ ಸಣ್ಣ ಅವಕಾಶ ಉಂಟು. RTO ಅಂತ ಬರುವುದಕ್ಕೂ ಪೆಟ್ಟಿಗೆ ನಿಜವಾಗಿ ಗಾಡಿ ಹತ್ತುವುದಕ್ಕೂ ನಡುವೆ ಕೆಲವು ಗಂಟೆ ಇರುತ್ತದೆ, ಕೆಲವು ಸಲ ಒಂದು ದಿನ. ಅಷ್ಟರೊಳಗೆ ಮಾರುವವರು ಬೇಡಿಕೆ ಇಟ್ಟರೆ ಕೆಲವು ಕೊರಿಯರ್‌ಗಳು ಹಿಂದಕ್ಕೆ ತೆಗೆಯುತ್ತವೆ. ಚೀಲಕ್ಕೆ ಹಾಕಿ ಹೊರಟ ಸ್ಕ್ಯಾನ್ ಬಿದ್ದ ಮೇಲೆ ಮರೆತುಬಿಡು. ನಡುದಾರಿಯಲ್ಲಿ ಚೀಲ ಬಿಚ್ಚುವವರು ಯಾರೂ ಇಲ್ಲ.

ನಿನ್ನದು ಕ್ಯಾಶ್ ಆನ್ ಡೆಲಿವರಿ, ದುಡ್ಡು ಕೊಟ್ಟಿಲ್ಲ. ಹೋದರೆ ಶೂ ಹೋಯ್ತು, ಅಷ್ಟೇ. ಮತ್ತೆ ಆರ್ಡರ್ ಮಾಡುವ ಮೊದಲು ಆ್ಯಪ್‌ನಲ್ಲಿ ಸೇವ್ ಆಗಿರುವ ವಿಳಾಸವನ್ನೇ ತೆಗೆದು ಹೊಸದು ಹಾಕು. ಪ್ರೊಫೈಲ್‌ನಲ್ಲಿ ನಂಬರ್ ಬದಲಾಯಿಸಿದರೆ ವಿಳಾಸದ ಒಳಗಿನ ನಂಬರ್ ತಾನಾಗಿ ಬದಲಾಗುತ್ತದೆ ಅಂದುಕೊಳ್ಳಬೇಡ. ಎರಡೂ ಬೇರೆ ಬೇರೆ ಇರುತ್ತವೆ.

ಕುಂಜಿಬೆಟ್ಟು ರಾವ್

ಇದಕ್ಕೆಲ್ಲ ಪರಿಹಾರ ಬಂದಿದೆಯಲ್ಲ. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ತಂದಿದೆ. ಹತ್ತು ಅಕ್ಷರ, ಅಂಕಿಗಳ ಕೋಡ್, ನಾಲ್ಕು ಮೀಟರ್ ಚೌಕದ ಲೆಕ್ಕದಲ್ಲಿ ಮನೆಯನ್ನೇ ತೋರಿಸುತ್ತದೆ. ಅದನ್ನೇ ಹಾಕಿದರೆ ಆಯ್ತು, ಪಿನ್‌ಕೋಡ್ ಯಾಕೆ ಬೇಕು?

ಬೈಕಂಪಾಡಿ ಪೈ

ಡಿಜಿಪಿನ್ ಬಂದದ್ದು ಪಿನ್‌ಕೋಡ್ ಜೊತೆಗೆ ಇರಲಿ ಅಂತ ರಾಯರೇ, ಅದನ್ನು ತೆಗೆಯಲು ಅಲ್ಲ. ಆರ್ಡರ್ ಪೇಜಿನಲ್ಲಿ ಆರು ಅಂಕಿ ಹಾಕದೆ ಮುಂದೆ ಹೋಗುವುದೇ ಇಲ್ಲ. ಮತ್ತೆ ಆರು ಅಂಕಿಯಲ್ಲೇ ತಪ್ಪುವವರು ಹತ್ತರಲ್ಲಿ ತಪ್ಪುವುದಿಲ್ವಾ?

ಶೈಲಾ ಈಶ್ವರನಗರ (ಗುರುವಾರ ರಾತ್ರಿ)

ಗ್ರೈಂಡರ್ ಸಿಕ್ಕಿತು.

ಭಾವ ನಿನ್ನೆ ಸಂಜೆಯೇ ಬ್ರಾಂಚಿಗೆ ಹೋಗಿದ್ದರು. ಕೌಂಟರಿನವರು ಮೊದಲು "ಹೆಸರು ಬೇರೆ, ಕೊಡುವುದಿಲ್ಲ" ಅಂದರಂತೆ. ಆಧಾರ್ ಫೋಟೊ ತೋರಿಸಿದರೂ ಒಪ್ಪಲಿಲ್ಲ. ಅಂಗಡಿಯವರ ಸೂಚನೆ ಇನ್ನೂ ಅವರ ಸಿಸ್ಟಮ್‌ಗೆ ಬಂದಿರಲಿಲ್ಲವಂತೆ. ಇವತ್ತು ಬೆಳಿಗ್ಗೆ ಪುನಃ ಹೋದಾಗ ಬಂದಿತ್ತು. ಪೆಟ್ಟಿಗೆ ಮೇಜಿನ ಮೇಲೆ ಇಟ್ಟು ಓಟಿಪಿ ಕಳಿಸಿದರು. ಅದು ಸೀದಾ ಅಮ್ಮನ ಫೋನಿಗೆ ಬಂತು. ಅಮ್ಮ ಭಾವನಿಗೆ ಓದಿ ಹೇಳಿದರು. ಭಾವ ಸಹಿ ಹಾಕಿ, ಫೋಟೊ ತೆಗೆದು ಕಾರಿಗೆ ಹಾಕಿಕೊಂಡು ಬಂದರು. ಲೇಬಲ್ ನಾನೂ ನೋಡಿದೆ. ಪೈಗಳು ಹೇಳಿದ ಹಾಗೆಯೇ, 574104 ಇಷ್ಟು ದೊಡ್ಡದು, ಮಣಿಪಾಲ ಅಂತ ಓದಲು ಕನ್ನಡಕ ಬೇಕು.

ಒಂದು ಸಂಶಯ ಮಾತ್ರ ಉಳಿದಿದೆ. ಅಂಗಡಿಯವರು ತಮ್ಮನಿಗೆ "ಹೆಚ್ಚುವರಿ ಹ್ಯಾಂಡ್ಲಿಂಗ್ ಚಾರ್ಜ್" ಅಂತ ಒಂದು ಮೊತ್ತ ಕೇಳಿದ್ದಾರೆ. ಕೊಡಬೇಕಾ?

ಪಡುಬಿದ್ರಿ ಉಪ್ಪಿನಕಾಯಿ

ವಾಪಸ್ ಹೋಗಿ ಪುನಃ ಬಂದಿದ್ದರೆ ಕೇಳುವುದು ನ್ಯಾಯ. ನಿಮ್ಮದು ವಾಪಸ್ ಹೋಗಲೇ ಇಲ್ಲ. ಮರುಪ್ರಯತ್ನಕ್ಕೆ ಕೊರಿಯರ್‌ನವರು ನನ್ನ ಹತ್ತಿರ ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಅವರ ಕರಾರು ಹೇಗೋ ಗೊತ್ತಿಲ್ಲ. ಕೊರಿಯರ್‌ನವರು ಹಾಕಿದ ಬಿಲ್ ತೋರಿಸಿ ಅಂತ ಕೇಳಿ.

ಬೈಕಂಪಾಡಿ ಪೈ

ನನ್ನ ಅಭಿಪ್ರಾಯ ಬೇರೆ. ಅವರು ಎರಡು ಸಲ ಮೇಲ್ ನೋಡಿ ಅದೇ ದಿನ ಕೆಲಸ ಮಾಡಿಕೊಟ್ಟಿದ್ದಾರೆ. ಸಣ್ಣ ಮೊತ್ತ ಆದರೆ ಕೊಟ್ಟುಬಿಡಿ ಅನ್ನುತ್ತೇನೆ. ದೊಡ್ಡದಾದರೆ ಆರ್ಡರ್ ಮಾಡುವಾಗ ಅವರ ವೆಬ್‌ಸೈಟಿನ ಶಿಪ್ಪಿಂಗ್ ನಿಯಮದಲ್ಲಿ ಬರೆದಿತ್ತಾ ನೋಡಿ. ಬರೆದಿಲ್ಲದಿದ್ದರೆ ಕೊಡಬೇಕಾಗಿಲ್ಲ. ಹಟ ಹಿಡಿದರೆ ಗ್ರಾಹಕ ಸಹಾಯವಾಣಿ 1915 ಉಂಟು.

ಶೈಲಾ ಈಶ್ವರನಗರ

ನೂರೈವತ್ತು ರೂಪಾಯಿ ಕೇಳಿದ್ದಾರೆ. ತಮ್ಮ ಬಿಲ್ ಕೇಳುತ್ತೇನೆ ಅನ್ನುತ್ತಾನೆ, ಅಮ್ಮ ಕೊಟ್ಟುಬಿಡು ಅನ್ನುತ್ತಾರೆ. ಸಂಜೆ ಫೋನಿನಲ್ಲಿ ಇಬ್ಬರದ್ದೂ ಅದೇ ಚರ್ಚೆ.

ಸುರತ್ಕಲ್ ಹಾಸ್ಟೆಲ್ ಹುಡುಗ

ನನ್ನ ಶೂ ಬೆಂಗಳೂರು ದಾಟಿದೆ. ಹೊಸ ವಿಳಾಸ ಹಾಕುತ್ತಿದ್ದೇನೆ. ಪೈ ಸರ್, ಹಾಸ್ಟೆಲ್‌ಗೆ 575025 ತಾನೇ?

ಬೈಕಂಪಾಡಿ ಪೈ

ಹೌದು. ನಂಬರ್ ಕೂಡ ಇನ್ನೊಮ್ಮೆ ನೋಡು ಮಾರಾಯ.